ರ‍್ಯಾಂಕ್ ಎಂದು ಬರೆಯಬಲ್ಲ ಫಾಂಟ್

ಫಾಂಟ್ ಎಂಬ ಕಡತದೊಳಗೆ ಅಕ್ಷರಗಳ ಚಿತ್ರಗಳ ಜೊತೆಗೆ ಒಂದು ಪಟ್ಟಿ ಇರುತ್ತದೆ. ಯಾವ ಸಂಕೇತ ಸಂಖ್ಯೆಗೆ ಯಾವ ಚಿತ್ರ ಎಂಬುದು ಅದರಲ್ಲಿ ಬರೆದಿರುತ್ತದೆ. ಈ ಸಂಖ್ಯೆಗಳನ್ನು ನಿಗದಿ ಮಾಡಿರುವುದು ಯೂನಿಕೋಡ್. ಅದರಲ್ಲಿ ಕನ್ನಡಕ್ಕೆ U+0C80ಯಿಂದ U+0CFFವರೆಗೆ 128 ಮನೆಗಳಿವೆ. ಅವುಗಳಲ್ಲಿ ಸುಮಾರು 90 ಮನೆಗಳಲ್ಲಿ ಅಕ್ಷರ, ಸ್ವರಚಿಹ್ನೆ, ಅಂಕಿಗಳು ಕುಳಿತಿವೆ, ಉಳಿದವು ಖಾಲಿ. ಬರಹದಲ್ಲಿ ‘ಕ’ ಬಂದರೆ ಕಂಪ್ಯೂಟರ್ U+0C95 ಎಂಬ ಸಂಖ್ಯೆಯನ್ನು ಹಿಡಿದುಕೊಂಡು ಫಾಂಟಿನ ಪಟ್ಟಿಯಲ್ಲಿ ಹುಡುಕುತ್ತದೆ. ಸಿಕ್ಕಿದರೆ ಆ ಚಿತ್ರವನ್ನು ತೋರಿಸುತ್ತದೆ. ಸಿಗದಿದ್ದರೆ ಖಾಲಿ ಚೌಕ ತೋರಿಸುತ್ತದೆ, ಇಲ್ಲವೇ ಸದ್ದಿಲ್ಲದೆ ಬೇರೊಂದು ಫಾಂಟಿನಿಂದ ಆ ಅಕ್ಷರವನ್ನು ಎರವಲು ತರುತ್ತದೆ. ಒಂದು ಫಾಂಟ್ ಎಷ್ಟು ಸಂಖ್ಯೆಗಳಿಗೆ ಉತ್ತರ ಕೊಡಬಲ್ಲದು ಎಂಬುದೇ ಅದರ ಭಾಷಾ ವ್ಯಾಪ್ತಿ.

ಇಂಗ್ಲಿಷಿಗೆ ಈ ಪಟ್ಟಿಯನ್ನು ನೋಡಿದರೆ ಬಹುಮಟ್ಟಿಗೆ ಸಾಕು. ಕನ್ನಡಕ್ಕೆ ಸಾಲದು. ‘ಕ’, ‘್’, ‘ಷ’ ಮೂರಕ್ಕೂ ಪಟ್ಟಿಯಲ್ಲಿ ಚಿತ್ರ ಇದ್ದಮಾತ್ರಕ್ಕೆ ‘ಕ್ಷ’ ಮೂಡುವುದಿಲ್ಲ. ಮೂರೂ ಒಟ್ಟಿಗೆ ಬಂದಾಗ ಯಾವ ರೂಪ ತಾಳಬೇಕು ಎಂಬ ನಿಯಮವೂ ಫಾಂಟಿನೊಳಗೇ ಇರಬೇಕು. ಮೊದಲನೆಯ ಪಟ್ಟಿಯ ಹೆಸರು `cmap`, ನಿಯಮಗಳ ಪಟ್ಟಿಯ ಹೆಸರು `GSUB`. ಫಾಂಟ್ ಮಾರುವವರೂ ಹಂಚುವವರೂ ‘ಕನ್ನಡಕ್ಕೆ ಬೆಂಬಲವಿದೆ’ ಎಂದು ಬರೆದಾಗ ಅದು ಹೆಚ್ಚಾಗಿ ಮೊದಲನೆಯದನ್ನು ಕುರಿತ ಮಾತಾಗಿರುತ್ತದೆ. ಅದರಲ್ಲೂ ಅ ದಿಂದ ಳ ವರೆಗಿನ ರೂಢಿಯ ಅಕ್ಷರಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಿರಬಹುದು. ಆದ್ದರಿಂದ ಅಕ್ಷರ, ಅಂಕಿ, ವಿರಾಮ ಚಿಹ್ನೆ, ಕಣ್ಣಿಗೆ ಕಾಣದ ಜೋಡಕಗಳು, ಒತ್ತಿನ ನಿಯಮಗಳು ಇವನ್ನೆಲ್ಲ ಒಂದೊಂದಾಗಿ ನೋಡಿಯೇ ಫಾಂಟನ್ನು ಆರಿಸಬೇಕಾಗುತ್ತದೆ.

ಅದಕ್ಕೂ ಮೊದಲು ಒಂದು ಜಾತಿಯ ಫಾಂಟುಗಳನ್ನು ಬದಿಗಿಡಬೇಕು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳ ಜೊತೆ ಬಂದ ಹಳೆಯ ಫಾಂಟುಗಳಲ್ಲಿ ಕನ್ನಡದ ಚಿತ್ರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕೂರಿಸಲಾಗಿತ್ತು. ಆ ಕಾಲಕ್ಕೆ ಅದು ಕನ್ನಡವನ್ನು ಕಂಪ್ಯೂಟರಿಗೆ ತಂದ ದಾರಿ. ಅದರಿಂದಾದ ಕೆಲಸ ಸಣ್ಣದಲ್ಲ. ಆದರೆ ಅಂಥ ಫಾಂಟಿನಲ್ಲಿ ಯೂನಿಕೋಡ್ ಕನ್ನಡಕ್ಕೆ ಒಂದು ಮನೆಯೂ ಇರುವುದಿಲ್ಲ. ಗುರುತಿಸುವುದು ಸುಲಭ: ಬರಹವನ್ನು ಆ ಫಾಂಟಿನಿಂದ ಬೇರೆ ಫಾಂಟಿಗೆ ಬದಲಿಸಿದೊಡನೆ ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಒಂದೇ ಹೆಸರಿನ ಕುಟುಂಬದಲ್ಲಿ ಹಳೆಯ ಬಗೆಯವೂ ಯೂನಿಕೋಡ್ ಬಗೆಯವೂ ಇರುವುದರಿಂದ ಹೆಸರು ನೋಡಿ ನಂಬುವಂತಿಲ್ಲ.

ಅಕ್ಷರಗಳಿಂದ ಪರೀಕ್ಷೆ ಆರಂಭಿಸಬಹುದು. ಇಂದಿನ ಬರಹಕ್ಕೆ ಬೇಕಾದ ಸ್ವರ, ವ್ಯಂಜನ, ಕಾಗುಣಿತದ ಚಿಹ್ನೆಗಳು ಯಾವುದೇ ಯೂನಿಕೋಡ್ ಕನ್ನಡ ಫಾಂಟಿನಲ್ಲಿ ಇದ್ದೇ ಇರುತ್ತವೆ. ಅಲ್ಲಿ ಸಮಯ ಕಳೆಯಬೇಕಿಲ್ಲ. ನೋಡಬೇಕಾದ್ದು ಅಂಚಿನಲ್ಲಿರುವವನ್ನು. ಹಳಗನ್ನಡಕ್ಕೆ ಬೇಕಾದ ಎರಡು ಅಕ್ಷರಗಳು ಱ (U+0CB1) ಮತ್ತು ೞ (U+0CDE). ಪಂಪ, ರನ್ನರ ಕಾವ್ಯವನ್ನು ಅಚ್ಚು ಹಾಕುವವರಿಗೆ ಇವಿಲ್ಲದೆ ಕೆಲಸ ಸಾಗದು. ಇವುಗಳಲ್ಲಿ ಎರಡನೆಯದಕ್ಕೆ ಯೂನಿಕೋಡಿನಲ್ಲಿ ‘ಕನ್ನಡ ಅಕ್ಷರ ಫ’ ಎಂಬ ಅರ್ಥದ `KANNADA LETTER FA` ಎಂಬ ತಪ್ಪು ಹೆಸರು ಅಂಟಿಕೊಂಡಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಯೂನಿಕೋಡಿನ ಕಟ್ಟಳೆಯಾದ್ದರಿಂದ ಅದು ಹಾಗೇ ಉಳಿದಿದೆ. ಸರಿಯಾದ ಹೆಸರನ್ನು ಪಕ್ಕದಲ್ಲಿ ಟಿಪ್ಪಣಿಯಾಗಿ ಸೇರಿಸಲಾಗಿದೆ. ಅಕ್ಷರಗಳ ಪಟ್ಟಿಯಲ್ಲಿ ೞ ವನ್ನು ಹುಡುಕುವವರು ಈ ಹೆಸರನ್ನು ಕಂಡು ಇದಲ್ಲವೆಂದು ಮುಂದೆ ಹೋಗುವ ಸಾಧ್ಯತೆ ಇರುವುದರಿಂದ ಹೆಸರಿಗಿಂತ ಸಂಖ್ಯೆಯನ್ನೇ ನೆನಪಿಡುವುದು ಮೇಲು.

ಸಂಸ್ಕೃತ ಶ್ಲೋಕಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕುವುದಾದರೆ ಅವಗ್ರಹ ಽ (U+0CBD), ದೀರ್ಘ ೠ (U+0CE0) ಬೇಕು. ಉರ್ದು, ಇಂಗ್ಲಿಷ್ ಪದಗಳ ಉಚ್ಚಾರಣೆಯನ್ನು ತೋರಿಸುವ ಫ಼, ಜ಼ ಗಳಿಗೆ ಕೆಳಗೆ ಬರುವ ಚುಕ್ಕಿ, ಅಂದರೆ ನುಕ್ತಾ (U+0CBC) ಬೇಕು. ಅವಗ್ರಹ ಮತ್ತು ನುಕ್ತಾಗಳು ಕನ್ನಡಕ್ಕೆ ಸೇರಿದ್ದು 2003ರಲ್ಲಿ, ಯೂನಿಕೋಡಿನ 4.0 ಆವೃತ್ತಿಯಲ್ಲಿ. ಹಳಗನ್ನಡದ ಬರಹಗಳಲ್ಲಿ ಬರುವ ನಕಾರ ಪೊಲ್ಲು ಸೇರಿದ್ದು 2021ರಲ್ಲಿ. ಅದಕ್ಕಿಂತ ಮುಂಚೆ ತಯಾರಾಗಿ ಆಮೇಲೆ ತಿದ್ದುಪಡಿ ಕಾಣದ ಫಾಂಟಿನಲ್ಲಿ ಆ ಅಕ್ಷರ ಇರಲು ಸಾಧ್ಯವೇ ಇಲ್ಲ. ಹಾಗಾಗಿ ಫಾಂಟಿನ ಹೆಸರಿನಷ್ಟೇ ಅದರ ಆವೃತ್ತಿಯೂ ಮುಖ್ಯ.

ಲೀನಕ್ಸ್ ಕಂಪ್ಯೂಟರಿನಲ್ಲಿ ಇದನ್ನು ಒಂದೇ ಸಾಲಿನ ಆದೇಶದಿಂದ ಕೇಳಬಹುದು. ಕೆಳಗಿನದು ಱ ಮತ್ತು ೞ ಎರಡೂ ಇರುವ ಫಾಂಟುಗಳ ಹೆಸರನ್ನು ಮಾತ್ರ ಪಟ್ಟಿ ಮಾಡುತ್ತದೆ:

```
fc-list ":charset=0cb1 0cde" family
```

ವಿಂಡೋಸಿನಲ್ಲಿ `charmap` ಎಂಬ ಸಣ್ಣ ತಂತ್ರಾಂಶವನ್ನು ತೆರೆದು ಫಾಂಟನ್ನು ಆರಿಸಿ ನೋಡಬಹುದು. ಮ್ಯಾಕ್‌ನಲ್ಲಿ `Font Book` ಇದೆ. ಇವು ಮೊದಲನೆಯ ಪಟ್ಟಿಯನ್ನಷ್ಟೇ ತೋರಿಸುತ್ತವೆ ಎಂಬುದು ನೆನಪಿರಬೇಕು. ಒತ್ತಕ್ಷರ ಕೂಡುತ್ತದೆಯೋ ಇಲ್ಲವೋ ಎಂಬುದು ಇಲ್ಲಿ ಗೊತ್ತಾಗುವುದಿಲ್ಲ.

ಅಂಕಿಗಳ ವಿಷಯದಲ್ಲಿ ಕನ್ನಡಕ್ಕೆ ಎರಡು ಸೆಟ್ ಬೇಕು. ಪತ್ರಿಕೆ, ಪುಸ್ತಕಗಳಲ್ಲಿ ಇಸವಿ, ಮೊತ್ತಗಳನ್ನು ಹೆಚ್ಚಾಗಿ 0ಯಿಂದ 9ರ ಅಂಕಿಗಳಲ್ಲೇ ಅಚ್ಚು ಮಾಡುತ್ತಾರೆ. ಪದ್ಯದ ಸಂಖ್ಯೆ, ಆಮಂತ್ರಣ ಪತ್ರಿಕೆಯ ದಿನಾಂಕ, ಪುಟಸಂಖ್ಯೆಗಳಲ್ಲಿ ೦ಯಿಂದ ೯ರ ಕನ್ನಡ ಅಂಕಿಗಳೂ ಬಳಕೆಯಲ್ಲಿವೆ. ಕನ್ನಡದ ಅಂಕಿಗಳು U+0CE6ರಿಂದ U+0CEFವರೆಗಿನ ಹತ್ತು ಮನೆಗಳಲ್ಲಿವೆ. ಕನ್ನಡ ಅಕ್ಷರಗಳನ್ನು ಮಾತ್ರ ಬರೆದು ಇಂಗ್ಲಿಷ್ ಅಂಕಿಗಳನ್ನು ಬಿಟ್ಟ ಫಾಂಟುಗಳಿವೆ. ಅಂಥದ್ದನ್ನು ಬಳಸಿದರೆ ‘1956ರಲ್ಲಿ’ ಎಂಬ ಪದದ ಅರ್ಧ ಒಂದು ಫಾಂಟಿನಲ್ಲಿ, ಇನ್ನರ್ಧ ಇನ್ನೊಂದರಲ್ಲಿ ಮೂಡುತ್ತದೆ. ಅಂಕಿಗಳು ಅಕ್ಷರಗಳಿಗಿಂತ ಎತ್ತರವಾಗಿಯೋ ತೆಳ್ಳಗೋ ಕಂಡರೆ ಕಾರಣ ಹೆಚ್ಚಾಗಿ ಇದೇ.

ಕನ್ನಡ ಅಂಕಿಗಳಲ್ಲಿ ಚಿತ್ರ ಇದೆಯೇ ಎಂಬುದನ್ನು ಬಿಟ್ಟು ಇನ್ನೂ ಎರಡು ಸಂಗತಿಗಳನ್ನು ನೋಡಬೇಕು. ೬ ಮತ್ತು ೯ರ ನಡುವಿನ ವ್ಯತ್ಯಾಸ ಒಂದು ಸಣ್ಣ ಬಾಲದಲ್ಲಿದೆ. ದೊಡ್ಡ ಗಾತ್ರದಲ್ಲಿ ಚೆನ್ನಾಗಿ ಕಾಣುವ ಈ ಬಾಲ 8 ಪಾಯಿಂಟ್ ಗಾತ್ರದ ಕೋಷ್ಟಕದಲ್ಲಿ ಮಾಸಿಹೋಗಬಹುದು. ಅಚ್ಚಿಗೆ ಬಳಸುವ ಗಾತ್ರದಲ್ಲೇ ಮುದ್ರಿಸಿ ನೋಡಬೇಕು. ಎರಡನೆಯದು ಅಗಲ. ಲೆಕ್ಕದ ಪಟ್ಟಿಯಲ್ಲಿ ಒಂದರ ಕೆಳಗೊಂದು ಅಂಕಿ ಬರಬೇಕಾದರೆ ಹತ್ತೂ ಅಂಕಿಗಳು ಒಂದೇ ಅಗಲ ಇರಬೇಕು. ೧೧೧೧ ಎಂದು ಬರೆದು ಅದರ ಕೆಳಗೆ ೮೮೮೮ ಎಂದು ಬರೆದರೆ ಎರಡು ಸಾಲುಗಳ ಉದ್ದ ಒಂದೇ ಆಗಿದೆಯೇ ಎಂಬುದು ಕ್ಷಣದಲ್ಲಿ ಗೊತ್ತಾಗುತ್ತದೆ.

ಸೊನ್ನೆಯ ಒಂದು ಗೊಂದಲವನ್ನು ಫಾಂಟಿನ ತಲೆಗೆ ಕಟ್ಟಬಾರದು. ಕನ್ನಡದ ಸೊನ್ನೆ ೦ (U+0CE6), ಅನುಸ್ವಾರ ಂ (U+0C82) ಕಣ್ಣಿಗೆ ಬಹುತೇಕ ಒಂದೇ. ಬೆರಳಚ್ಚು ಮಾಡುವವರು ೧೦ ಎಂದು ಬರೆಯಲು ೧ರ ಮುಂದೆ ಅನುಸ್ವಾರವನ್ನು ಒತ್ತಿರುವುದುಂಟು. ಆಗ ಸೊನ್ನೆ ಉಳಿದ ಅಂಕಿಗಳಿಗಿಂತ ಚಿಕ್ಕದಾಗಿ, ಇಲ್ಲವೇ ೧ಕ್ಕೆ ತೀರಾ ಅಂಟಿಕೊಂಡು ಕಾಣಬಹುದು. ಫಾಂಟ್ ಸರಿ ಇಲ್ಲವೆಂದು ಬೇರೆಯದನ್ನು ಹುಡುಕುವ ಮುನ್ನ ವರ್ಡ್ ತಂತ್ರಾಂಶದಲ್ಲಿ ಆ ಸೊನ್ನೆಯ ಮುಂದೆ ಕರ್ಸರ್ ಇಟ್ಟು `Alt+X` ಒತ್ತಿದರೆ ಅಲ್ಲಿರುವುದು 0CE6 ಆಗಿದೆಯೇ, 0C82 ಆಗಿದೆಯೇ ಎಂಬುದು ಹೊರಬೀಳುತ್ತದೆ. ಇನ್ನೊಮ್ಮೆ ಒತ್ತಿದರೆ ಅಕ್ಷರ ಮರಳುತ್ತದೆ.

ವಿರಾಮ ಚಿಹ್ನೆಗಳಿಗೆ ಕನ್ನಡದ ಮನೆಸಾಲಿನಲ್ಲಿ ಜಾಗವೇ ಇಲ್ಲ. ಪೂರ್ಣವಿರಾಮ, ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆಗಳು ಇಂಗ್ಲಿಷಿನ ಮನೆಗಳಲ್ಲಿವೆ. ಬಾಗಿದ ಉದ್ಧರಣ ಚಿಹ್ನೆಗಳು, ಉದ್ದ ಗೀಟು, ಮೂರು ಚುಕ್ಕಿಗಳು ಇನ್ನೊಂದು ಕಡೆ, U+2013ರ ಆಸುಪಾಸಿನಲ್ಲಿವೆ. ರೂಪಾಯಿ ಚಿಹ್ನೆ ₹ ಇರುವುದು U+20B9ರಲ್ಲಿ. 2010ರ ಜುಲೈನಲ್ಲಿ ಭಾರತ ಸರ್ಕಾರ ಚಿಹ್ನೆಯನ್ನು ಒಪ್ಪಿಕೊಂಡ ಮೇಲೆ ಅದೇ ವರ್ಷ ಯೂನಿಕೋಡಿಗೆ ಸೇರಿತು. ಅದಕ್ಕಿಂತ ಹಳೆಯ ಫಾಂಟಿನಲ್ಲಿ ರೂಪಾಯಿ ಇರುವುದಿಲ್ಲ. ಎಲ್ಲರೂ ಮರೆಯುವುದು ಶ್ಲೋಕ, ಕಂದಪದ್ಯಗಳ ಕೊನೆಗೆ ಬರುವ ಒಂಟಿ ಗೆರೆ । ಮತ್ತು ಜೋಡಿ ಗೆರೆ ॥ ಗಳನ್ನು. ಇವು ಕನ್ನಡ, ತೆಲುಗು, ಬಂಗಾಳಿ ಎಲ್ಲಕ್ಕೂ ಸಾಮಾನ್ಯ. ಆದರೆ ಮನೆ ಮಾತ್ರ ದೇವನಾಗರಿಯ ಸಾಲಿನಲ್ಲಿ, U+0964 ಮತ್ತು U+0965ರಲ್ಲಿ. ಕನ್ನಡದ ಸಾಲನ್ನಷ್ಟೇ ತುಂಬಿಸಿ ಕೈಬಿಟ್ಟ ಫಾಂಟಿನಲ್ಲಿ ಇವು ಇರುವುದಿಲ್ಲ. ಆಗ ಪದ್ಯದ ಕೊನೆಯ ಗೆರೆ ಯಾವುದೋ ದೇವನಾಗರಿ ಫಾಂಟಿನಿಂದ ಬಂದು, ಸಾಲಿನ ಎತ್ತರವನ್ನು ಮೀರಿ ನಿಲ್ಲುತ್ತದೆ. ಇದನ್ನು ತಪ್ಪಿಸಲು ಇಂಗ್ಲಿಷ್ ಕೀಲಿಮಣೆಯ ನೇರ ಗೆರೆ | ಯನ್ನು ಎರಡು ಸಲ ಒತ್ತುವ ರೂಢಿ ಬೆಳೆದಿದೆ. ನೋಡಲು ಹತ್ತಿರ ಬಂದರೂ ಅದು ಬೇರೆಯೇ ಚಿಹ್ನೆ. ಒಳ್ಳೆಯ ಫಾಂಟಿನಲ್ಲಿ ॥ ಅಕ್ಷರದ ದಪ್ಪಕ್ಕೂ ಎತ್ತರಕ್ಕೂ ಹೊಂದಿ ಬಂದಾಗ ಪದ್ಯದ ಪುಟಕ್ಕೆ ಬರುವ ಕಳೆಯನ್ನು ನೇರ ಗೆರೆ ಕೊಡಲಾರದು.

ಇನ್ನು ಕಣ್ಣಿಗೆ ಕಾಣದ ಎರಡು ಅಕ್ಷರಗಳು. ಒಂದು ಜೀರೋ ವಿಡ್ತ್ ಜಾಯ್ನರ್, U+200D. ಕನ್ನಡದಲ್ಲಿ ಶೂನ್ಯ ಅಗಲದ ಜೋಡಕ ಎನ್ನಬಹುದು. ಇನ್ನೊಂದು ಜೀರೋ ವಿಡ್ತ್ ನಾನ್ ಜಾಯ್ನರ್, U+200C, ಇದು ಬಿಡಿಸುವಂಥದ್ದು. ಎರಡಕ್ಕೂ ಅಗಲವಿಲ್ಲ, ರೂಪವಿಲ್ಲ. ಪಕ್ಕದ ಅಕ್ಷರಗಳು ಹೇಗೆ ಕೂಡಬೇಕು ಎಂಬ ಸೂಚನೆಯನ್ನಷ್ಟೇ ಕೊಡುತ್ತವೆ.

ಬಿಡಿಸುವ ಅಕ್ಷರದ ಕೆಲಸ ದಿನವೂ ಕಾಣುವಂಥದ್ದು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಆದ ಮೇಲೆ U+200C ಹಾಕದಿದ್ದರೆ ‘ರಾಜ್ಕುಮಾರ್’ ಎಂದು ಕ ಒತ್ತಾಗಿ ಕೆಳಗಿಳಿಯುತ್ತದೆ. ಸಾಫ್ಟ್‌ವೇರ್, ಫೇಸ್‌ಬುಕ್ ಮುಂತಾದ ನೂರಾರು ಪದಗಳು ಇದನ್ನೇ ನೆಚ್ಚಿಕೊಂಡಿವೆ.

ಜೋಡಕದ ಕೆಲಸ ಕನ್ನಡದಲ್ಲಿ ಮುಖ್ಯವಾಗಿ ಒಂದೇ ಅಕ್ಷರಕ್ಕೆ ಸಂಬಂಧಿಸಿದ್ದು, ಅದು ರ. ಕನ್ನಡದಲ್ಲಿ ರ ಕಾರದ ನಂತರ ಇನ್ನೊಂದು ವ್ಯಂಜನ ಬಂದರೆ ಎರಡು ಬಗೆಯಲ್ಲಿ ಬರೆಯಬಹುದು. ರೂಢಿಯಲ್ಲಿರುವುದು ಅರ್ಕಾವತ್ತು: ‘ಸೂರ್ಯ’ ಎಂಬಲ್ಲಿ ಯ ದೊಡ್ಡದಾಗಿ ನಿಂತು, ರ ಅದರ ಬಲಕ್ಕೆ ಅರ್ಕಾವತ್ತಿನ ರೂಪದಲ್ಲಿ ಬರುತ್ತದೆ. ಇನ್ನೊಂದು, ರ ಪೂರ್ಣ ರೂಪದಲ್ಲಿ ನಿಂತು ಯ ಕೆಳಗೆ ಒತ್ತಾಗುವುದು: ‘ಸೂರ‍್ಯ’. ಉಚ್ಚಾರ ಎರಡಕ್ಕೂ ಒಂದೇ. ಕಂಪ್ಯೂಟರಿಗೆ ರ, ್, ಯ ಎಂಬ ಮೂರು ಸಂಕೇತಗಳನ್ನು ಸಾಲಾಗಿ ಕೊಟ್ಟರೆ ಅದು ಅರ್ಕಾವತ್ತನ್ನೇ ಮಾಡುತ್ತದೆ. ಎರಡನೆಯ ರೂಪ ಬೇಕೆಂದರೆ ರ ಮತ್ತು ಹಲಂತ ಚಿಹ್ನೆಯ ನಡುವೆ ಜೋಡಕವನ್ನು ಇಡಬೇಕು.

ಸೂರ್ಯ, ಕಾರ್ಯಗಳಲ್ಲಿ ಇದು ಅಭಿರುಚಿಯ ಪ್ರಶ್ನೆ. ಆದರೆ ಪದದ ಮೊದಲಲ್ಲೇ ರ ಮತ್ತು ಯ ಕೂಡಿದಾಗ ಅಭಿರುಚಿಯ ಮಾತು ಮುಗಿಯುತ್ತದೆ. ಅರ್ಕಾವತ್ತನ್ನು ಓದುವ ಕಣ್ಣು ರ ಕಾರವನ್ನು ಹಿಂದಿನ ಅಕ್ಷರದ ಬಾಲವಾಗಿ ಓದುತ್ತದೆ: ಸೂರ್-ಯ, ಕಾರ್-ಯ. ಪದದ ಮೊದಲಲ್ಲಿ ಹಿಂದೆ ಅಕ್ಷರವೇ ಇಲ್ಲ. ಆದ್ದರಿಂದ ‘ರ್ಯಾಂಕ್’ ಎಂದು ಅರ್ಕಾವತ್ತಿನಲ್ಲಿ ಮೂಡಿದ ಪದ ಓದುಗನನ್ನು ಎಡವಿಸುತ್ತದೆ; ‘ರ‍್ಯಾಂಕ್’ ಎಂದರೆ ಸರಾಗ. ರ‍್ಯಾಲಿ, ರ‍್ಯಾಗಿಂಗ್ ಪದಗಳೂ ಹೀಗೆಯೇ. ಪರೀಕ್ಷೆಯ ಫಲಿತಾಂಶ, ರಾಜಕೀಯ ಸಭೆಗಳ ಸುದ್ದಿ ಎಂದರೆ ಈ ಪದಗಳು ದಿನಕ್ಕೆ ಹತ್ತು ಬಾರಿ ಬರುತ್ತವೆ. ಕನ್ನಡದ ಫಾಂಟನ್ನು ಒಂದೇ ಪದದಿಂದ ಪರೀಕ್ಷಿಸಬೇಕಾಗಿ ಬಂದರೆ ಆರಿಸಬೇಕಾದ ಪದ ‘ರ‍್ಯಾಂಕ್’.

ಅದರೊಳಗಿನ ಸಂಕೇತಗಳು ಹೀಗಿವೆ: ರ 0CB0, ಜೋಡಕ 200D, ಹಲಂತ 0CCD, ಯ 0CAF, ದೀರ್ಘ 0CBE, ಅನುಸ್ವಾರ 0C82, ಕ 0C95, ಕೊನೆಗೆ ಮತ್ತೆ ಹಲಂತ 0CCD. ಎಂಟು ಸಂಕೇತ, ಕಾಣುವುದು ಮೂರೇ ಗುಂಪು. ಕೀಲಿಮಣೆಯಲ್ಲಿ ಜೋಡಕ ಸಿಗದಿದ್ದರೆ ವರ್ಡ್ ಅಥವಾ ಲಿಬ್ರೆ ಆಫೀಸಿನಲ್ಲಿ ರ ಬರೆದು, `200D` ಎಂದು ಒತ್ತಿ, `Alt+X` ಹಾಕಿದರೆ ಅದು ಸೇರಿಕೊಳ್ಳುತ್ತದೆ. ಹಳೆಯ ಕೆಲವು ಬರಹಗಳಲ್ಲಿ ಜೋಡಕ ಹಲಂತದ ನಂತರ ಇರುವುದೂ ಉಂಟು. ಅದನ್ನೂ ಸರಿಯಾಗಿ ತೋರಿಸುವ ತಂತ್ರಾಂಶಗಳಿವೆ, ಆದರೆ ಎಲ್ಲವೂ ಅಲ್ಲ. ಯೂನಿಕೋಡ್ ಹೇಳುವ ಕ್ರಮ ರ, ಜೋಡಕ, ಹಲಂತ.

ಇದರಲ್ಲಿ ಫಾಂಟಿನ ಪಾಲು ಎಷ್ಟು? ಜೋಡಕ ಬಂದರೆ ಅರ್ಕಾವತ್ತು ಬೇಡ ಎಂದು ತೀರ್ಮಾನಿಸುವುದು ಅಕ್ಷರ ಜೋಡಿಸುವ ತಂತ್ರಾಂಶ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆ ಆಫೀಸುಗಳಲ್ಲಿ ಈ ಕೆಲಸವನ್ನು ಹಾರ್ಫ್‌ಬಜ್ ಎಂಬ ತಂತ್ರಾಂಶ ಮಾಡುತ್ತದೆ. ಫಾಂಟ್ ಕೊಡಬೇಕಾದ್ದು ಎರಡು. ಒಂದು, ಹಲಂತ ಮತ್ತು ಯ ಸೇರಿದರೆ ಯ ಒತ್ತು ಎಂಬ ನಿಯಮ. ಇದು ‘ವಾಕ್ಯ’, ‘ಸತ್ಯ’ಗಳಿಗೂ ಬೇಕಾದ್ದರಿಂದ ಇದ್ದೇ ಇರುತ್ತದೆ. ಇನ್ನೊಂದು, U+200Dಗೆ ಪಟ್ಟಿಯಲ್ಲಿ ಶೂನ್ಯ ಅಗಲದ ಒಂದು ಖಾಲಿ ಚಿತ್ರ. ಖಾಲಿ ಚಿತ್ರ ಇದ್ದರೇನು, ಬಿಟ್ಟರೇನು ಎನಿಸಬಹುದು. ಬಿಟ್ಟರೂ ಅದನ್ನು ಮರೆಮಾಡಿ ಮುಂದೆ ಹೋಗುವ ತಂತ್ರಾಂಶಗಳಿವೆ, ನಿಜ. ಆದರೆ ಕೆಲವು ತಂತ್ರಾಂಶಗಳು ಬರಹವನ್ನು ಜೋಡಿಸುವ ಮೊದಲೇ ಪ್ರತಿ ಸಂಕೇತವೂ ಫಾಂಟಿನಲ್ಲಿ ಇದೆಯೇ ಎಂದು ನೋಡಿ, ಇಲ್ಲದ್ದನ್ನು ಬೇರೆ ಫಾಂಟಿಗೆ ಒಪ್ಪಿಸುತ್ತವೆ. ಆಗ ‘ರ‍್ಯಾ’ ಮೂರು ತುಂಡಾಗುತ್ತದೆ: ರ ಒಂದು ಕಡೆ, ಜೋಡಕ ಇನ್ನೊಂದು ಫಾಂಟಿನಲ್ಲಿ, ತನಗೆ ಮುಂಚೆ ಅಕ್ಷರವೇ ಇಲ್ಲದ ಹಲಂತ ಮತ್ತೊಂದು ಕಡೆ. ಅನಾಥವಾದ ಹಲಂತವನ್ನು ತಂತ್ರಾಂಶ ಚುಕ್ಕಿಗಳ ವೃತ್ತದ ಮೇಲೆ ಕೂರಿಸಿ ತೋರಿಸುತ್ತದೆ. ಪದದ ನಡುವೆ ಇಂಥ ಚುಕ್ಕಿ ವೃತ್ತ ಕಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಚೌಕ ಬಂದಿದ್ದರೆ ಆ ಸಂಕೇತಕ್ಕೆ ಚಿತ್ರವಿಲ್ಲ. ಒತ್ತು ಕೆಳಗಿಳಿಯದೆ ‘ಕ್’ ಮತ್ತು ‘ಷ’ ಬಿಡಿಬಿಡಿಯಾಗಿ ನಿಂತಿದ್ದರೆ ಫಾಂಟಿನಲ್ಲಿ ನಿಯಮವಿಲ್ಲ, ಇಲ್ಲವೇ ಪುಟವಿನ್ಯಾಸದ ತಂತ್ರಾಂಶ ನಿಯಮವನ್ನು ಓದುತ್ತಿಲ್ಲ. ಇನ್‌ಡಿಸೈನ್‌ನಲ್ಲಿ `World-Ready` ಎಂಬ ಜೋಡಣೆಯನ್ನು ಆರಿಸದಿದ್ದರೆ ಒಳ್ಳೆಯ ಫಾಂಟೂ ಹೀಗೇ ಕಾಣುತ್ತದೆ. ಅದು ಫಾಂಟಿನ ದೋಷವಲ್ಲ. ಒತ್ತು ಕೇಳಿದ ಕಡೆ ಅರ್ಕಾವತ್ತು ಬಂದಿದ್ದರೆ ಬರಹದಲ್ಲಿ ಜೋಡಕವೇ ಇಲ್ಲ. ಬೆರಳಚ್ಚಿನಲ್ಲಿ ಬಿಟ್ಟುಹೋಗಿರಬಹುದು, ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗುವಾಗ, ಕಾಣದ ಅಕ್ಷರಗಳನ್ನು ಕಸವೆಂದು ತೆಗೆದುಹಾಕುವ ಯಾವುದೋ ಹಂತದಲ್ಲಿ ಉದುರಿಹೋಗಿರಲೂಬಹುದು. ಅದೇ ಬರಹವನ್ನು ಬೇರೆ ಎರಡು ಫಾಂಟುಗಳಲ್ಲಿ ನೋಡಿದಾಗಲೂ ಅರ್ಕಾವತ್ತೇ ಬಂದರೆ ದೋಷ ಬರಹದಲ್ಲಿದೆ ಎಂದು ತಿಳಿಯಬಹುದು.

ಒಂದು ಉದಾಹರಣೆಯನ್ನು ಪೂರ್ತಿ ನೋಡಬಹುದು. ಶಾಲೆಯೊಂದರ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಫಾಂಟ್ ಆರಿಸಬೇಕು ಎಂದುಕೊಳ್ಳೋಣ. ಸಂಚಿಕೆಯಲ್ಲಿ ಶಾಲೆಯ ಇತಿಹಾಸವಿದೆ, ರ‍್ಯಾಂಕ್ ಪಡೆದವರ ಪಟ್ಟಿಯಿದೆ, ದಾನಿಗಳ ಹೆಸರು ಮತ್ತು ಮೊತ್ತಗಳಿವೆ, ನಿವೃತ್ತ ಮೇಷ್ಟ್ರು ಬರೆದ ಹಳಗನ್ನಡದ ಒಂದು ಲೇಖನವಿದೆ, ಆರಂಭದಲ್ಲಿ ಪ್ರಾರ್ಥನಾ ಶ್ಲೋಕಗಳಿವೆ. ಮೊದಲ ಹೆಜ್ಜೆ ಫಾಂಟನ್ನು ನೋಡುವುದಲ್ಲ, ಈ ಬರಹಗಳನ್ನು ನೋಡುವುದು. ಅವುಗಳಲ್ಲಿ ರೂಢಿಗೆ ಹೊರತಾದ ಏನೇನಿದೆ ಎಂದು ಹೆಕ್ಕಿ ಎರಡು ಮೂರು ಸಾಲಿನ ಪರೀಕ್ಷಾ ಬರಹ ಮಾಡಿಕೊಳ್ಳಬೇಕು:

```
ರ‍್ಯಾಂಕ್ ರ್ಯಾಂಕ್ ಸೂರ್ಯ ರಾಜ್‌ಕುಮಾರ್ ಸ್ವಾತಂತ್ರ್ಯ ಸ್ತ್ರೀ ವಕ್ತೃ
ಱ ೞ ಽ ಫ಼ ಜ಼ ॥೧೦॥ ೦೧೨೩೪೫೬೭೮೯ 0123456789
₹500 “ಹೌದು” ‘ಅಲ್ಲ’ – …
```

ಮೊದಲ ಸಾಲಿನ ಮೊದಲ ಎರಡು ಪದಗಳು ಬೇಕೆಂದೇ ಜೊತೆಯಾಗಿವೆ. ಎರಡೂ ಒಂದೇ ರೀತಿ ಕಂಡರೆ ಜೋಡಕ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ‘ಸ್ವಾತಂತ್ರ್ಯ’ದ ಕೊನೆಯ ಅಕ್ಷರದಲ್ಲಿ ತ ಕಾರಕ್ಕೆ ರ ಮತ್ತು ಯ ಎರಡು ಒತ್ತುಗಳು ಬರುತ್ತವೆ. ಕೆಲವು ಫಾಂಟುಗಳಲ್ಲಿ ಒಂದು ಒತ್ತಿಗೆ ಮಾತ್ರ ಜಾಗ ಲೆಕ್ಕಹಾಕಿ, ಎರಡನೆಯದು ಮೊದಲನೆಯದರ ಮೇಲೆ ಬೀಳುತ್ತದೆ ಅಥವಾ ಪಕ್ಕದ ಅಕ್ಷರಕ್ಕೆ ತಾಗುತ್ತದೆ. ‘ವಕ್ತೃ’ವಿನಲ್ಲಿ ತ ಒತ್ತೂ ಋ ಕಾರದ ಕೊಂಬೂ ಒಂದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಇವನ್ನು ಒಂದರ ಕೆಳಗೊಂದು ನಾಲ್ಕು ಸಾಲು ಬರೆದು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆಯೇ ಎಂಬುದನ್ನೂ ನೋಡಬೇಕು.

ಮುಂದಿನ ಹೆಜ್ಜೆ ಎರವಲನ್ನು ತಡೆಯುವುದು. ಇದೇ ಇಡೀ ಪರೀಕ್ಷೆಯ ಜೀವಾಳ. ಸಾಮಾನ್ಯ ತಂತ್ರಾಂಶದಲ್ಲಿ ಪರೀಕ್ಷಾ ಬರಹವನ್ನು ಅಂಟಿಸಿ ಫಾಂಟ್ ಆರಿಸಿದರೆ ಎಲ್ಲ ಅಕ್ಷರಗಳೂ ಕಾಣುತ್ತವೆ, ಏಕೆಂದರೆ ಇಲ್ಲದ್ದನ್ನು ವಿಂಡೋಸ್ ತನ್ನ ನಿರ್ಮಲಾ ಯುಐ ಫಾಂಟಿನಿಂದಲೋ ಲೀನಕ್ಸ್ ಇನ್ನೊಂದರಿಂದಲೋ ತುಂಬಿಸಿಬಿಡುತ್ತದೆ. ಫಾಂಟ್ ಪೂರ್ಣವಾಗಿದೆ ಎಂಬ ನಂಬಿಕೆ ಅಚ್ಚಿನ ಮನೆಯಲ್ಲಿ ಆ ಇನ್ನೊಂದು ಫಾಂಟ್ ಇಲ್ಲದ ಕಂಪ್ಯೂಟರಿಗೆ ಕಡತ ತಲುಪುವವರೆಗೆ ಮಾತ್ರ ಉಳಿಯುತ್ತದೆ. ಇದನ್ನು ಕಂಡುಹಿಡಿಯಲು ಯಾರೂ ಮಾಡಬಹುದಾದ ಉಪಾಯವೊಂದಿದೆ. ಪರೀಕ್ಷಾ ಬರಹವನ್ನು ಪಿಡಿಎಫ್ ಮಾಡಿ, ಅಡೋಬಿ ರೀಡರಿನಲ್ಲಿ ತೆರೆದು, `File` ಪಟ್ಟಿಯ `Properties` ಒಳಗೆ `Fonts` ಎಂಬಲ್ಲಿ ನೋಡಬೇಕು. ಆ ಪಿಡಿಎಫ್‌ನಲ್ಲಿ ಬಳಕೆಯಾದ ಫಾಂಟುಗಳ ಹೆಸರು ಅಲ್ಲಿರುತ್ತದೆ. ಆರಿಸಿದ ಫಾಂಟಿನದು ಒಂದೇ ಹೆಸರಿದ್ದರೆ ಎರವಲು ನಡೆದಿಲ್ಲ. ಎರಡನೆಯ ಹೆಸರಿದ್ದರೆ ಯಾವುದೋ ಅಕ್ಷರ ಹೊರಗಿನಿಂದ ಬಂದಿದೆ. ಯಾವುದೆಂದು ತಿಳಿಯಲು ಪರೀಕ್ಷಾ ಬರಹದ ಅರ್ಧವನ್ನು ಅಳಿಸಿ ಮತ್ತೆ ಪಿಡಿಎಫ್ ಮಾಡಿದರೆ ಆಯಿತು. ನಾಲ್ಕೈದು ಸಲದಲ್ಲಿ ಸಿಕ್ಕಿಬೀಳುತ್ತದೆ. ಒಂದು ಎಚ್ಚರಿಕೆ: ವರ್ಡ್, ಲಿಬ್ರೆ ಆಫೀಸುಗಳಲ್ಲಿ ಇಂಗ್ಲಿಷ್ ಮತ್ತು ಭಾರತೀಯ ಲಿಪಿಗಳಿಗೆ ಫಾಂಟನ್ನು ಬೇರೆ ಬೇರೆಯಾಗಿ ನಮೂದಿಸುವ ವ್ಯವಸ್ಥೆಯಿದೆ. ಎರಡೂ ಕಡೆ ಒಂದೇ ಫಾಂಟನ್ನು ಆರಿಸಿದ ಮೇಲೆಯೇ ಪಿಡಿಎಫ್ ಮಾಡಬೇಕು. ಇಲ್ಲದಿದ್ದರೆ 0123456789 ತನ್ನ ಪಾಡಿಗೆ ಇನ್ನೊಂದು ಫಾಂಟಿನಲ್ಲಿ ಹೋಗಿ, ತಪ್ಪು ತೀರ್ಮಾನಕ್ಕೆ ದಾರಿ ಮಾಡುತ್ತದೆ.

ಆದೇಶದ ಕಿಟಕಿ ಬಳಸಬಲ್ಲವರಿಗೆ ಹಾರ್ಫ್‌ಬಜ್ ಜೊತೆಗೇ ಬರುವ ಸಣ್ಣ ತಂತ್ರಾಂಶ ಇನ್ನೂ ನೇರವಾದ ಉತ್ತರ ಕೊಡುತ್ತದೆ. ಅದು ಕೊಟ್ಟ ಫಾಂಟನ್ನು ಬಿಟ್ಟು ಬೇರೆಡೆ ಕೈಚಾಚುವುದೇ ಇಲ್ಲ:

```
hb-shape font.ttf --unicodes=0CB0,200D,0CCD,0CAF,0CBE
```

ಉತ್ತರ ಚೌಕ ಆವರಣದೊಳಗೆ ಚಿತ್ರಗಳ ಹೆಸರುಗಳ ಸಾಲಾಗಿ ಬರುತ್ತದೆ. ಹೆಸರುಗಳು ಫಾಂಟಿನಿಂದ ಫಾಂಟಿಗೆ ಬೇರೆಯಾದರೂ ಓದುವುದು ಕಷ್ಟವಲ್ಲ. ಅದರಲ್ಲಿ ರ ಮತ್ತು ಯ ಒತ್ತಿನ ಹೆಸರುಗಳು ಕಾಣಬೇಕು. `.notdef` ಅಥವಾ `gid0` ಎಂದಿದ್ದರೆ ಆ ಸಂಕೇತಕ್ಕೆ ಚಿತ್ರವಿಲ್ಲ. ಇದೇ ಆದೇಶವನ್ನು 200D ತೆಗೆದು ಮತ್ತೆ ಕೊಟ್ಟಾಗ ಉತ್ತರ ಬದಲಾಗಿ, ಯ ಮತ್ತು ಅರ್ಕಾವತ್ತಿನ ಹೆಸರು ಬರಬೇಕು. ಬದಲಾಗದಿದ್ದರೆ ಅರ್ಕಾವತ್ತಿನ ನಿಯಮವೇ ಫಾಂಟಿನಲ್ಲಿ ಇಲ್ಲ. ಹೆಸರುಗಳ ಬದಲು ಚಿತ್ರವನ್ನೇ ನೋಡಬೇಕೆಂದರೆ `hb-view` ಇದೆ.

ಸ್ಮರಣ ಸಂಚಿಕೆಗೆ ಮೂರು ಫಾಂಟುಗಳನ್ನು ಹೀಗೆ ನೋಡಲಾಯಿತು ಎನ್ನೋಣ. ಮೊದಲನೆಯದರಲ್ಲಿ ಅಕ್ಷರಗಳು ಬಲು ಚೆಂದ, ಆದರೆ ೞ ಮತ್ತು ॥ ಇಲ್ಲ. ಎರಡನೆಯದರಲ್ಲಿ ಎಲ್ಲ ಇದೆ, ಆದರೆ ‘ಸ್ವಾತಂತ್ರ್ಯ’ದ ಎರಡು ಒತ್ತುಗಳು ಒಂದರ ಮೇಲೊಂದು ಬಿದ್ದಿವೆ. ಮೂರನೆಯದರಲ್ಲಿ ಕನ್ನಡವೆಲ್ಲ ಸರಿ, ಇಂಗ್ಲಿಷ್ ಅಂಕಿ ಮತ್ತು ₹ ಮಾತ್ರ ಇಲ್ಲ. ಇಲ್ಲಿ ಮೂರನೆಯದನ್ನು ಆರಿಸುವುದು ವಿವೇಕ. ಅದರಲ್ಲಿಲ್ಲದ್ದು ಬೇರೆ ಲಿಪಿಯ ಅಂಕಿಗಳು ಮತ್ತು ಒಂದು ಚಿಹ್ನೆ. ಅವಕ್ಕೆ ಹೊಂದುವ ಇನ್ನೊಂದು ಫಾಂಟನ್ನು ಬೇಕೆಂದೇ ಆರಿಸಿ, ಗಾತ್ರವನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿ ಜೊತೆಗೂಡಿಸಬಹುದು. ಮೊದಲನೆಯದನ್ನು ಮುಖಪುಟದ ಶೀರ್ಷಿಕೆಗೆ ಬಳಸಿಕೊಳ್ಳಲು ಅಡ್ಡಿಯಿಲ್ಲ. ಆದರೆ ಕನ್ನಡ ಪದದ ನಡುವಿನ ಒಂದೇ ಅಕ್ಷರವನ್ನು ಬೇರೆ ಫಾಂಟಿನಿಂದ ತಂದು ಕೂರಿಸುವುದು ಆಗದ ಕೆಲಸ. ೞ ಕ್ಕೆ ಒತ್ತೋ ಕಾಗುಣಿತವೋ ಸೇರಿದೊಡನೆ ಎರಡು ಫಾಂಟುಗಳ ಗಡಿ ಅಕ್ಷರದ ಒಳಗೇ ಬೀಳುತ್ತದೆ, ಅಲ್ಲಿ ಯಾವ ಜೋಡಣೆಯೂ ನಡೆಯುವುದಿಲ್ಲ. ಎರಡನೆಯದರ ದೋಷವನ್ನು ಫಾಂಟ್ ಮಾಡಿದವರೇ ತಿದ್ದಬೇಕು. ಬಳಸುವವರ ಕೈಯಲ್ಲಿ ಅದಕ್ಕೆ ಮದ್ದಿಲ್ಲ.

ಅಚ್ಚಿಗಲ್ಲದೆ ಜಾಲತಾಣಕ್ಕೆ ಫಾಂಟ್ ಬಳಸುವವರು ಇನ್ನೊಂದು ಕಡೆ ಎಡವುವುದುಂಟು. ಪುಟ ಬೇಗ ತೆರೆಯಲೆಂದು ಫಾಂಟಿನಲ್ಲಿ ಬೇಕಾದ ಅಕ್ಷರಗಳನ್ನಷ್ಟೇ ಉಳಿಸಿ ಉಳಿದವನ್ನು ಕತ್ತರಿಸುತ್ತಾರೆ. ಆಗ ಕನ್ನಡ ಎಂದರೆ U+0C80–0CFF ಎಂದಷ್ಟೇ ಕೊಟ್ಟರೆ ಮೂಲ ಫಾಂಟ್ ಎಷ್ಟೇ ಪೂರ್ಣವಾಗಿದ್ದರೂ ಎರಡು ಜೋಡಕಗಳು, ॥, ₹ ಎಲ್ಲ ಕತ್ತರಿಗೆ ಸಿಕ್ಕಿ ಹೋಗುತ್ತವೆ. ಗೂಗಲ್ ತನ್ನ ಫಾಂಟುಗಳ ಕನ್ನಡ ಭಾಗವನ್ನು ಹಂಚುವಾಗ ಕನ್ನಡದ ಸಾಲಿನ ಜೊತೆಗೆ U+0964–0965, U+200C–200D, U+20B9, ಚುಕ್ಕಿ ವೃತ್ತದ U+25CC ಇವನ್ನೂ ಸೇರಿಸಿಕೊಳ್ಳುತ್ತದೆ. ಸ್ವಂತವಾಗಿ ಕತ್ತರಿಸುವವರು ಕೊಡಬೇಕಾದ ಪಟ್ಟಿಯೂ ಸುಮಾರಾಗಿ ಇದೇ:

```
pyftsubset font.ttf --layout-features='*' \
  --unicodes="U+20-7E,U+964-965,U+C80-CFF,U+200C-200D,U+2013-2026,U+20B9,U+25CC"
```

`--layout-features='*'` ಎಂಬುದು ಒತ್ತು, ಅರ್ಕಾವತ್ತುಗಳ ನಿಯಮಗಳಾವುದೂ ಕತ್ತರಿಗೆ ಬೀಳದಂತೆ ನೋಡಿಕೊಳ್ಳುತ್ತದೆ. ಕತ್ತರಿಸಿದ ಕಡತಕ್ಕೆ ಮತ್ತೆ ಅದೇ ಮೂರು ಸಾಲಿನ ಪರೀಕ್ಷಾ ಬರಹವನ್ನು ಕೊಟ್ಟು ನೋಡಬೇಕು. ಫಾಂಟಿನ ಹೊಸ ಆವೃತ್ತಿ ಬಂದಾಗಲೂ ಅಷ್ಟೇ. ಹೊಸದರಲ್ಲಿ ಅಕ್ಷರಗಳು ಸೇರುವಂತೆ ಒತ್ತಿನ ಅಗಲ, ಸಾಲಿನ ಎತ್ತರಗಳೂ ಬದಲಾಗಿರಬಹುದು. ಅರ್ಧ ಪುಟವಿನ್ಯಾಸ ಮುಗಿದ ಪುಸ್ತಕದಲ್ಲಿ ಅದು ಪುಟಗಳನ್ನೇ ಹಿಂದೆಮುಂದೆ ಸರಿಸಿಬಿಡುತ್ತದೆ. ಕೆಲಸ ಆರಂಭಿಸಿದ ಫಾಂಟಿನ ಕಡತವನ್ನೇ ಆವೃತ್ತಿ ಸಂಖ್ಯೆಯೊಂದಿಗೆ ಪುಸ್ತಕದ ಕಡತಗಳ ಜೊತೆ ಇಟ್ಟುಕೊಂಡು, ಕೊನೆಯ ಕರಡು ಅಚ್ಚಿಗೆ ಹೋಗುವವರೆಗೆ ಅದನ್ನೇ ಬಳಸಬೇಕು.